ಹಳೆಯ ಮನೆಗೆ ಲಿಫ್ಟು: ಕುಳಿ, ಬಾವಿ ಮತ್ತು ಯಂತ್ರಕೊಠಡಿ

ಎರಡಂತಸ್ತಿನ ಹಳೆಯ ಮನೆಯಲ್ಲಿ, ಮೆಟ್ಟಿಲು ಹತ್ತಲಾರದ ಹಿರಿಯರಿಗಾಗಿ ಲಿಫ್ಟನ್ನು ಅಳವಡಿಸುವಾಗ ಮೊದಲು ಪರೀಕ್ಷಿಸಬೇಕಾದುದು ಯಂತ್ರವನ್ನಲ್ಲ, ನೆಲವನ್ನು. ಬಾವಿಯ ತಳದಲ್ಲಿ, ನೆಲಮಟ್ಟದಿಂದ ಕೆಳಗೆ ತೋಡುವ ಕುಳಿಯು ಗೋಡೆಯ ತಳಪಾಯಕ್ಕೆ ಸಮೀಪವಾಗಿರುವುದರಿಂದ, ಅದರ ಆಳವೇ ಉಳಿದ ಆಯ್ಕೆಗಳನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ.

ಕುಳಿ ಏಕೆ ಬೇಕು? ಮಟ್ಟ ಮೀರಿ ಇಳಿದ ಪೆಟ್ಟಿಗೆಯನ್ನು ತಡೆಯುವ ಬಫರಿಗೆ ಅಲ್ಲಿ ಸ್ಥಳ ಬೇಕು. ಬಫರು ಕುಗ್ಗಬೇಕಾದ ದೂರವು ವೇಗದ ವರ್ಗವನ್ನು ಅನುಸರಿಸುತ್ತದೆ. ಸೆಕೆಂಡಿಗೆ 1 ಮೀಟರು ವೇಗಕ್ಕೆ ಅದು 135 ಮಿಲಿಮೀಟರಾದರೆ, 0.15 ಮೀಟರಿಗೆ ಲೆಕ್ಕದಲ್ಲಿ ಕೇವಲ 3 ಮಿಲಿಮೀಟರು. ಆದರೂ ಸಾಧಾರಣ ಲಿಫ್ಟಿನ ಕುಳಿ ಸುಮಾರು 1.5 ಮೀಟರು ಆಳವಿರುವುದಕ್ಕೆ ಮುಖ್ಯ ಕಾರಣ ಬೇರೆ: ಪೆಟ್ಟಿಗೆಯ ಅಡಿಯಲ್ಲಿ ದುರಸ್ತಿ ಮಾಡುವವನು ಜಜ್ಜಿಹೋಗದಂತೆ ಅಲ್ಲಿ ಅವಕಾಶವಿರಬೇಕು. ಮನೆಯ ನಿಧಾನಗತಿಯ ಲಿಫ್ಟಿನಲ್ಲಿ ಈ ಕೆಲಸವನ್ನು ಪೆಟ್ಟಿಗೆಯನ್ನು ತಡೆದು ನಿಲ್ಲಿಸುವ ಉಕ್ಕಿನ ಊರೆಯು ಮಾಡುತ್ತದೆ. ಆದುದರಿಂದ 150ರಿಂದ 300 ಮಿಲಿಮೀಟರು ಆಳ ಸಾಕಾಗಬಹುದು.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಕಲ್ಲುಕಟ್ಟಡದ ಪಾಯವು ನೆಲಮಟ್ಟದಿಂದ 900 ಮಿಲಿಮೀಟರು ಕೆಳಗಿದೆಯೆನ್ನೋಣ. 1500 ಮಿಲಿಮೀಟರು ಕುಳಿಗೆ 200 ಮಿಲಿಮೀಟರು ಕಾಂಕ್ರೀಟು ತಳವನ್ನು ಸೇರಿಸಿದರೆ ಅಗೆತ 1700 ಆಗಿ, ಪಾಯದ ಅಡಿಗಿಂತ 800 ಮಿಲಿಮೀಟರು ಕೆಳಗೆ ಹೋಗುತ್ತದೆ. ಗೋಡೆಯನ್ನು ಹೊತ್ತ ಮಣ್ಣು ಜಾರಬಹುದು. 250 ಮಿಲಿಮೀಟರು ಕುಳಿಗೆ ಒಟ್ಟು ಅಗೆತ 450 ಮಾತ್ರ. ಮೊದಲು ಸಣ್ಣ ಪರೀಕ್ಷಾಗುಂಡಿ ತೋಡಿ ಪಾಯದ ಆಳ, ಅದು ಹೊರಚಾಚಿದ ಅಳತೆ, ಮಳೆಗಾಲದಲ್ಲಿ ಜಿನುಗುವ ನೀರು ಇವನ್ನು ನೋಡಬೇಕು. ಪಾಯದ ಕಲ್ಲು ಅಡ್ಡಬಂದರೆ ಕಲ್ಲನ್ನು ಕಡಿಯದೆ ಬಾವಿಯನ್ನೇ ಸರಿಸುವುದು ಲೇಸು.

ಗಾಲಿಕುರ್ಚಿಗಾಗಿ ಪೆಟ್ಟಿಗೆಯ ಒಳಅಳತೆ 1000 × 1250 ಮಿಲಿಮೀಟರು ಇರಲಿ. ಅಗಲದಲ್ಲಿ ಪೆಟ್ಟಿಗೆಯ ಗೋಡೆಗಳಿಗೆ 50, ಒಂದು ಬದಿಯ ಹಳಿ ಮತ್ತು ಎತ್ತುವ ಸಾಧನಕ್ಕೆ 300, ಮತ್ತೊಂದು ಬದಿಯ ತೆರಪಿಗೆ 50 ಕೂಡಿಸಿದರೆ ಬಾವಿಯ ಅಗಲ 1400 ಆಗುತ್ತದೆ. ಇದು ತೂಗುಗುಂಡಿನ ಅಳತೆಯೆಂಬುದನ್ನು ಮರೆಯಬಾರದು. ಎದುರುಬದುರು ಗೋಡೆಗಳು ತಲಾ 20 ಮಿಲಿಮೀಟರು ಒಳಕ್ಕೆ ವಾಲಿದ್ದರೆ ಉಳಿಯುವುದು 1360 ಮಾತ್ರ, ಪೆಟ್ಟಿಗೆ ಹಿಡಿಸದು.

ಯಂತ್ರದ ವಿಷಯ. ಹಗ್ಗದ ಲಿಫ್ಟಿನ ಯಂತ್ರವನ್ನು ಮಾಳಿಗೆಯ ಮೇಲಿಟ್ಟರೆ ಕೊಠಡಿ ಬೇಕು. ಪೆಟ್ಟಿಗೆ 400, ಹೊರೆ 320, ಪ್ರತಿತೂಕ 560, ಹೀಗೆ 1280 ಕಿಲೋಗ್ರಾಂ ಭಾರ, ಯಂತ್ರದ ತೂಕವಲ್ಲದೆ, ಹಳೆಯ ಮಾಳಿಗೆಯಿಂದ ತೂಗುತ್ತದೆ. ಎಣ್ಣೆಯ ಒತ್ತಡದ ಲಿಫ್ಟಿನಲ್ಲಿ ಭಾರವು ಕುಳಿಯ ತಳಕ್ಕೆ ಇಳಿಯುತ್ತದೆ. ಪಂಪು ಮತ್ತು ಎಣ್ಣೆಯ ತೊಟ್ಟಿ ಕೆಲವು ಮೀಟರು ದೂರದ ಕಪಾಟಿನಲ್ಲಿರಬಹುದು. ಆ ಕಪಾಟಿಗೆ ಗಾಳಿಯಾಡಬೇಕು. ವಿದ್ಯುತ್ತು ನಿಂತಾಗ ಪೆಟ್ಟಿಗೆಯನ್ನು ಇಳಿಸುವ ಕವಾಟವು ಬಾವಿಯ ಹೊರಗಿನಿಂದಲೇ ಕೈಗೆಟುಕುವಂತಿರಬೇಕು. ಇಲ್ಲವಾದರೆ ಒಳಗೆ ಸಿಕ್ಕಿಬಿದ್ದ ಹಿರಿಯರನ್ನು ಹೊರತರುವುದು ಕಷ್ಟವಾಗುತ್ತದೆ.