ನಿಂತುಹೋದದ್ದು ಯಾವ ಭಾಷೆ?

ಕೊಡಗಿನಲ್ಲಿ ಒಂದೇ ಭಾಷೆ ಬಲ್ಲವರು ಸಿಗುವುದು ಕಷ್ಟ. ಮನೆಯಲ್ಲಿ ಕೊಡವ ತಕ್ಕ್ ಅಥವಾ ಅರೆಭಾಷೆ, ಶಾಲೆಯಲ್ಲಿ ಕಲಿತ ಕನ್ನಡ, ವಿರಾಜಪೇಟೆಯ ಪೇಟೆಯಲ್ಲಿ ಮಲಯಾಳಂ, ಬೆಂಗಳೂರಿನ ಮೊಮ್ಮಕ್ಕಳ ಜೊತೆ ಇಂಗ್ಲಿಷ್. ಇಂಥವರಿಗೆ ಪಾರ್ಶ್ವವಾಯು ಹೊಡೆದು ಮಾತು ನಿಂತರೆ, ನಿಂತದ್ದು ಯಾವ ಭಾಷೆ? ಎಲ್ಲವೂ ಒಟ್ಟಿಗೆ ಹೋಗುತ್ತವೆಯೇ, ಒಂದು ಉಳಿದೀತೇ?

ಮೆದುಳಿಗೆ ಪೆಟ್ಟಾಗಿ ಮಾತು ಕೆಡುವುದಕ್ಕೆ ಅಫೇಸಿಯಾ ಎನ್ನುತ್ತಾರೆ. ನಾಲಿಗೆಯ ಬಲ, ಕಿವಿಯ ಶಕ್ತಿ, ಬುದ್ಧಿ ಇವು ಸರಿಯಿದ್ದರೂ ಅಫೇಸಿಯಾ ಬರಬಹುದು. 1861ರಲ್ಲಿ ಪ್ಯಾರಿಸ್ಸಿನ ವೈದ್ಯ ಪಾಲ್ ಬ್ರೋಕಾ ನೋಡಿದ ಲೆಬೋರ್ನ್ ಎಂಬ ರೋಗಿ ಏನು ಕೇಳಿದರೂ ‘ಟಾನ್, ಟಾನ್’ ಎನ್ನುತ್ತಿದ್ದ. ಹೇಳಿದ್ದು ಮಾತ್ರ ಅವನಿಗೆ ಬಹುಮಟ್ಟಿಗೆ ತಿಳಿಯುತ್ತಿತ್ತು. ಅವನು ಸತ್ತ ಮೇಲೆ ನೋಡಿದರೆ ಮೆದುಳಿನ ಎಡ ಮುಂಭಾಗ ಹಾಳಾಗಿತ್ತು. 1874ರಲ್ಲಿ ಜರ್ಮನಿಯ ಕಾರ್ಲ್ ವೆರ್ನಿಕೆ ಇದಕ್ಕೆ ವಿರುದ್ಧವಾದದ್ದನ್ನು ವಿವರಿಸಿದ. ಕಿವಿಯ ಮೇಲ್ಭಾಗಕ್ಕೆ ಸಮೀಪದ ಎಡಮೆದುಳಿಗೆ ಪೆಟ್ಟಾದವರು ಸರಾಗವಾಗಿ ಮಾತಾಡುತ್ತಾರೆ, ಆದರೆ ಆ ಮಾತಿಗೆ ಅರ್ಥವಿರುವುದಿಲ್ಲ, ಬೇರೆಯವರು ಹೇಳಿದ್ದೂ ತಲೆಗೆ ಹೋಗುವುದಿಲ್ಲ. ಇಂಥವರನ್ನು ಮನೆಯವರು ‘ತಲೆ ಕೆಟ್ಟಿದೆ’ ಎಂದುಕೊಳ್ಳುವುದು ಇಂದಿಗೂ ಇದೆ.

ಬ್ರೋಕಾ, ವೆರ್ನಿಕೆ ಇಬ್ಬರೂ ತೋರಿಸಿದ್ದು ಮಾತಾಡುವುದು, ಅರ್ಥಮಾಡಿಕೊಳ್ಳುವುದು ಬೇರೆಬೇರೆಯಾಗಿ ಕೆಡಬಹುದೆಂದು. ಹಾಗಾದರೆ ಕನ್ನಡ, ಕೊಡವ ತಕ್ಕ್‌ಗಳಿಗೂ ಬೇರೆಬೇರೆ ಜಾಗಗಳಿವೆಯೇ? ಮೊದಲು ಕಲಿತದ್ದೇ ಉಳಿಯುತ್ತದೆ ಎಂದು ರಿಬೊ ಎಂಬ ಫ್ರೆಂಚ್ ಮನಃಶಾಸ್ತ್ರಜ್ಞ ಹೇಳಿದ. ಹೆಚ್ಚು ಬಳಸುವ ಭಾಷೆ ಮೊದಲು ಮರಳುತ್ತದೆ ಎಂದು 1895ರಲ್ಲಿ ಪಿತ್ರ್ ಹೇಳಿದ. ಎರಡೂ ನಿಯಮಗಳನ್ನು ಮುರಿಯುವ ರೋಗಿಗಳು ಬೇಕಾದಷ್ಟು ಸಿಕ್ಕರು. ಮಾಂಟ್ರಿಯಲ್‌ನ ಮಿಷೆಲ್ ಪಾರಾದಿ 132 ಬಹುಭಾಷಿಕ ರೋಗಿಗಳ ವರದಿಗಳನ್ನು ಕಲೆಹಾಕಿದಾಗ, ನೂರಕ್ಕೆ ಸುಮಾರು 61 ಜನರಲ್ಲಿ ಎಲ್ಲ ಭಾಷೆಗಳೂ ಸರಿಸುಮಾರು ಜೊತೆಯಾಗಿಯೇ ಸುಧಾರಿಸಿದ್ದವು. ಉಳಿದವರಲ್ಲಿ ಒಂದು ಮುಂದೆ, ಇನ್ನೊಂದು ಹಿಂದೆ. ಕೆಲವರಲ್ಲಿ ಎರಡೂ ಬೆರೆತುಹೋಗಿದ್ದವು.

ಇದರ ಗುಟ್ಟನ್ನು ಬಿಡಿಸಲು ನೆರವಾದದ್ದು ಮೊರಾಕ್ಕೊದಲ್ಲಿದ್ದ ಒಬ್ಬ ಫ್ರೆಂಚ್ ಸಂನ್ಯಾಸಿನಿ. ಮಕ್ಕಳ ನರ್ಸ್ ಆಗಿದ್ದ ಆಕೆಗೆ ಅರಬ್ಬಿಯೂ ಚೆನ್ನಾಗಿ ಬರುತ್ತಿತ್ತು. ಮೊಪೆಡ್ ಅಪಘಾತದಲ್ಲಿ ತಲೆಗೆ ಪೆಟ್ಟಾದ ಮೇಲೆ ಒಂದು ದಿನ ಅರಬ್ಬಿ ಸಲೀಸು, ಫ್ರೆಂಚ್ ತಡವರಿಕೆ. ಮತ್ತೊಂದು ದಿನ ಅದು ತಿರುಗುಮುರುಗು. ಕೇಳಿ ತಿಳಿಯುವುದಕ್ಕೆ ಎರಡರಲ್ಲೂ ತೊಂದರೆಯಿರಲಿಲ್ಲ. ಎಲ್ಲಕ್ಕಿಂತ ವಿಚಿತ್ರ ಇದು: ಯಾವ ಭಾಷೆಯಲ್ಲಿ ಆ ದಿನ ತಾನಾಗಿ ಮಾತಾಡಲಾಗುತ್ತಿರಲಿಲ್ಲವೋ ಆ ಭಾಷೆಗೆ ಆಕೆ ಅನುವಾದ ಮಾಡಬಲ್ಲವಳಾಗಿದ್ದಳು! ಪಾರಾದಿ ಮತ್ತು ಸಂಗಡಿಗರು ಇದನ್ನು 1982ರಲ್ಲಿ ಪ್ರಕಟಿಸಿದರು.

ಪದಗಳು ಅಳಿಸಿಹೋಗಿದ್ದರೆ ಅನುವಾದ ಬರುವುದು ಹೇಗೆ? ಭಾಷೆ ಹೋಗಿರಲಿಲ್ಲ, ಅದನ್ನು ಹೊರತರುವ ದಾರಿ ಆ ಹೊತ್ತಿಗೆ ತಡೆಯಲ್ಪಟ್ಟಿತ್ತು. ಎರಡು ಭಾಷೆ ಬಲ್ಲವರ ಮೆದುಳು ಒಂದನ್ನು ಆಡುವಾಗ ಇನ್ನೊಂದನ್ನು ಸದಾ ಅದುಮಿಟ್ಟಿರಬೇಕು. ಆ ಹಿಡಿತ ಕೆಟ್ಟರೆ ಒಂದು ಭಾಷೆ ಬಾಯಿಗೇ ಬಾರದಿರಬಹುದು, ಇಲ್ಲವೆ ವಾಕ್ಯದ ನಡುವೆ ಭಾಷೆ ತಾನಾಗಿಯೇ ಬದಲಾಗಬಹುದು. ಈ ನಿಯಂತ್ರಣದಲ್ಲಿ ಮೆದುಳಿನ ಆಳದ ಕಾಡೇಟ್ ಎಂಬ ಗಂಟಿಗೂ ಪಾತ್ರವಿದೆ ಎಂದು ಮುಂದಿನ ಪ್ರಕರಣಗಳು ತೋರಿಸಿವೆ. ಒಂದೊಂದು ಭಾಷೆಗೆ ಒಂದೊಂದು ಕೋಣೆ ಎಂಬ ಕಲ್ಪನೆಯನ್ನು ಬಿಟ್ಟುಬಿಡುವುದೇ ಒಳ್ಳೆಯದು ಎಂದು ನನಗನ್ನಿಸುತ್ತದೆ.

ಒಂದು ಭಾಷೆ ಬಾರದಿದ್ದಾಗಲೂ ಇನ್ನೊಂದು ಉಳಿದಿರಬಹುದಾದ್ದರಿಂದ ರೋಗಿಯ ಪರೀಕ್ಷೆಯೂ ತೊಡಕಿನದು. ಮಾತಿನ ಸರಾಗ, ಅರ್ಥಗ್ರಹಿಕೆ, ಹೇಳಿದ್ದನ್ನು ಮರಳಿ ಹೇಳುವುದು, ವಸ್ತುವಿನ ಹೆಸರು ಹೇಳುವುದು: ಈ ನಾಲ್ಕನ್ನು ಅಳೆಯುವ ವೆಸ್ಟರ್ನ್ ಅಫೇಸಿಯಾ ಬ್ಯಾಟರಿಯ ಕನ್ನಡ ರೂಪವಿದೆ. ಆದರೆ ಎಲ್ಲರ ಮನೆಮಾತೂ ಕನ್ನಡವಲ್ಲ: 2011ರ ಜನಗಣತಿಯಲ್ಲಿ ಕೊಡವ ಮಾತಾಡುವವರು ಸುಮಾರು 1.14 ಲಕ್ಷ. ಅಂಥ ಒಬ್ಬ ಹಿರಿಯರನ್ನು ಕನ್ನಡದಲ್ಲಷ್ಟೇ ಪರೀಕ್ಷಿಸಿದರೆ ಅವರಲ್ಲಿ ಉಳಿದದ್ದರ ಒಂದು ಭಾಗವೇ ಕಂಡೀತು. ಬಟ್ಟಲಿನ ಅನ್ನ ತೋರಿಸಿದಾಗ ಅವರು ‘ಕೂಳ್’ ಎಂದರೆ ಕೊಡವದಲ್ಲಿ ಅದು ಸರಿಯಾದ ಉತ್ತರ; ತಿಳಿಯದ ಪರೀಕ್ಷಕರು ಅಂಕ ಕಳೆಯಬಹುದು. ನೀರು, ಕಣ್ಣು, ಕೈ ತೋರಿಸಿದರೆ ಎರಡೂ ಭಾಷೆಯ ಪದಗಳು ಎಷ್ಟು ಹತ್ತಿರವೆಂದರೆ ಉತ್ತರ ಯಾವ ಭಾಷೆಯದೆಂದೇ ಗೊತ್ತಾಗದು.

ಹಾಗಾಗಿ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೋ ಬೇರೆ ಚಿಕಿತ್ಸಕರಲ್ಲಿಗೋ ನಿಮ್ಮವರನ್ನು ಕರೆದೊಯ್ಯುವಾಗ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ: ಯಾವ ಭಾಷೆ ಯಾವ ವಯಸ್ಸಿನಲ್ಲಿ ಕಲಿತರು, ಯಾರೊಂದಿಗೆ ಯಾವುದನ್ನು ಆಡುತ್ತಿದ್ದರು, ಯಾವುದರಲ್ಲಿ ಓದಿ ಬರೆಯುತ್ತಿದ್ದರು, ಪಾರ್ಶ್ವವಾಯುವಿನ ನಂತರ ಯಾವ ಭಾಷೆಯಲ್ಲಿ ಮೊದಲ ಪದ ಬಂತು. ಮನೆಮಾತು ಬಲ್ಲ ಒಬ್ಬರು ಜೊತೆಗಿರಲಿ. ಮಾತು ಹಠಾತ್ತಾಗಿ ತಡವರಿಸಿದ ದಿನ ಮಾತ್ರ ಈ ಪಟ್ಟಿಗೆ ಕಾಯಬೇಡಿ. ರಕ್ತನಾಳಕ್ಕೆ ಅಡ್ಡವಾದ ಹೆಪ್ಪನ್ನು ಕರಗಿಸುವ ಚುಚ್ಚುಮದ್ದು ಕೆಲಸ ಮಾಡುವುದು ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆಯೊಳಗೆ.