ಸಿಹಿ ಡಬ್ಬಿಯ ಮೇಲಿನ ಕಾಗದದ ಪಟ್ಟಿ

ಮೈಸೂರು ಪಾಕಿನ ಡಬ್ಬಿಗೆ ತೊಡಿಸುವ ಸ್ಲೀವ್‌ನ ಅಳತೆ ಸುಲಭ. ಡಬ್ಬಿ 12 ಸೆಂ.ಮೀ. ಅಗಲ, 4 ಸೆಂ.ಮೀ. ಎತ್ತರವಿದ್ದರೆ ಸುತ್ತಳತೆ 32. ಅಂಟಿಸುವ ಅಂಚಿಗೆ ಒಂದೂವರೆ ಸೆಂ.ಮೀ., ಸಡಿಲಕ್ಕೆ ಎರಡು ಮಿ.ಮೀ. ಸೇರಿಸಿದರೆ ಮುಗಿಯಿತು. ಸಡಿಲ ಬಿಡದಿದ್ದರೆ ಪಟ್ಟಿ ತೊಡಿಸುವಾಗಲೇ ಹರಿಯುತ್ತದೆ.

ಕಷ್ಟವಿರುವುದು ಬರಹದಲ್ಲಿ. ಹೆಸರಿನ ಕೆಳಗೆ ಬರುವ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲೇ ಬರೆಯಬೇಕೆಂಬುದು ನಿಯಮ. ಒಂದು ಕಿಲೋ ಕಡಲೆಹಿಟ್ಟಿಗೆ ಎರಡು ಕಿಲೋ ಸಕ್ಕರೆ, ಒಂದೂವರೆ ಕಿಲೋ ತುಪ್ಪ ಹಾಕಿದವರು ‘ಸಕ್ಕರೆ, ತುಪ್ಪ, ಕಡಲೆಹಿಟ್ಟು’ ಎಂದೇ ಬರೆಯಬೇಕು. ತುಪ್ಪವನ್ನು ಮೊದಲಿಗೆ ತರುವ ಆಸೆ ಎಲ್ಲರಿಗೂ ಇರುತ್ತದೆ, ಆದರೆ ತಕ್ಕಡಿ ಒಪ್ಪುವುದಿಲ್ಲ. ತುಪ್ಪ ಹಾಲಿನದು, ಹಾಗಾಗಿ ‘ಹಾಲಿನ ಅಂಶವಿದೆ’ ಎಂಬ ಅಲರ್ಜಿ ಸೂಚನೆಯೂ ಬೇಕು.

ಹೆಚ್ಚು ಎಡವುವುದು ದಿನಾಂಕದಲ್ಲಿ. ‘ತಯಾರಿಸಿದ 15 ದಿನದೊಳಗೆ ಬಳಸಿ’ ಎಂದು ಅಚ್ಚು ಹಾಕಿಸಿ, ತಯಾರಿಸಿದ ದಿನವನ್ನೇ ಬರೆಯದಿದ್ದರೆ ಆ ಸಾಲಿಗೆ ಅರ್ಥವಿಲ್ಲ. ಸ್ಲೀವ್ ಸಾವಿರಗಟ್ಟಲೆ ಒಮ್ಮೆಲೇ ಅಚ್ಚಾಗುತ್ತದೆ, ದಿನಾಂಕ ಮಾತ್ರ ದಿನವೂ ಬದಲು. ಅದಕ್ಕೆಂದು ಬಿಟ್ಟ ಜಾಗಕ್ಕೆ ವಾರ್ನಿಶ್ ಹಾಕಿಸಬಾರದು. ನುಣುಪಿನ ಮೇಲೆ ಮೊಹರಿನ ಶಾಯಿ ಒಣಗದೆ ಬೆರಳಿಗೆ ಮೆತ್ತುತ್ತದೆ. ಪಟ್ಟಿ ಕಳಚಿ ಎಸೆಯುವವರೇ ಹೆಚ್ಚು, ಆದ್ದರಿಂದ ಡಬ್ಬಿಯ ತಳಕ್ಕೂ ಅದೇ ಮೊಹರು ಹಾಕುವುದು ಜಾಣತನ.

ಸಂಪರ್ಕಕ್ಕೆ ಫೋನ್ ನಂಬರೊಂದೇ ಸಾಲದು. ತಯಾರಕರ ಪೂರ್ಣ ವಿಳಾಸ, 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆಯೂ ಇರಬೇಕು. ಕೊಳ್ಳುವಾಗ ಡಬ್ಬಿಯನ್ನೊಮ್ಮೆ ತಿರುಗಿಸಿ ನೋಡಿ. ದಿನಾಂಕದ ಜಾಗ ಖಾಲಿಯಿದ್ದರೆ ಬೇರೆ ಡಬ್ಬಿ ಕೇಳಿ.