ಮೋಡವೋ ಕಮಲವೋ, ಕೊನೆಯಕ್ಷರ ಕೇಳಿ

ಎಫ್‌ಡಿಎ, ಎಸ್‌ಡಿಎ ಹುದ್ದೆಗಳ ಸಾಮಾನ್ಯ ಕನ್ನಡ ಪತ್ರಿಕೆಗೆ ಓದುವವರ ನೋಟ್ಸಿನಲ್ಲಿ ಸಮಾನಾರ್ಥಕಗಳ ಪಟ್ಟಿ ಪುಟಗಟ್ಟಲೆ ಇರುತ್ತದೆ. ಕಮಲದ ಹೆಸರುಗಳು ಒಂದು ಕಡೆ, ಮೋಡದವು ಇನ್ನೊಂದು ಕಡೆ, ಸಮುದ್ರದವು ಮತ್ತೊಂದು ಕಡೆ. ಬಾಯಿಪಾಠ ಕೈಕೊಡುವುದು ಇಲ್ಲೇ, ಏಕೆಂದರೆ ಮೂರೂ ಪಟ್ಟಿಗಳು ನೋಡಲು ಹೆಚ್ಚುಕಡಿಮೆ ಒಂದೇ.

ಇಂಥದೊಂದು ಪ್ರಶ್ನೆ ಬಂತೆನ್ನಿ: ‘ಅಂಬುದ’ ಪದದ ಸಮಾನಾರ್ಥಕ ಯಾವುದು? ಆಯ್ಕೆಗಳು ವಾರಿಜ, ಜಲಧಿ, ನೀರದ, ಪಂಕಜ. ಅಂಬು, ವಾರಿ, ಜಲ, ನೀರ, ತೋಯ ಎಲ್ಲವೂ ನೀರೇ. ಹಾಗಾಗಿ ಪದದ ಮೊದಲ ಭಾಗ ಏನನ್ನೂ ತೀರ್ಮಾನಿಸುವುದಿಲ್ಲ. ‘ಜ’ ಎಂದರೆ ಹುಟ್ಟಿದ್ದು, ನೀರಿನಲ್ಲಿ ಹುಟ್ಟಿದ್ದು ಕಮಲ. ‘ದ’ ಎಂದರೆ ಕೊಡುವುದು, ನೀರು ಕೊಡುವುದು ಮೋಡ. ‘ಧಿ’ ಎಂದರೆ ತುಂಬಿಟ್ಟುಕೊಂಡದ್ದು, ಅದು ಸಮುದ್ರ. ಅಂಬುದ ಮೋಡವಾದರೆ ಉತ್ತರ ನೀರದ. ಐದು ನೀರಿನ ಪದ, ಮೂರು ಬಾಲ ಗೊತ್ತಿದ್ದರೆ ಹದಿನೈದು ಪದಗಳು ಕೈವಶ.

ಆದರೆ ನಮ್ಮ ಮಾತಿನಲ್ಲಿ ಅಲ್ಪಪ್ರಾಣ ಮಹಾಪ್ರಾಣಗಳ ವ್ಯತ್ಯಾಸ ಅಳಿಸಿಹೋಗಿರುವುದರಿಂದ ಕಿವಿಯನ್ನು ನಂಬುವಂತಿಲ್ಲ. ಅಬ್ದ ಮೋಡ, ಅಬ್ಧಿ ಸಮುದ್ರ. ಸಾಲದ್ದಕ್ಕೆ ಅಬ್ದಕ್ಕೆ ವರ್ಷವೆಂಬ ಅರ್ಥವೂ ಉಂಟು. ‘ಧ’ ಕಂಡ ಕೂಡಲೇ ಸಮುದ್ರಕ್ಕೆ ಹಾರುವುದೂ ತಪ್ಪು: ಜಲಧರ ಎಂದರೆ ನೀರು ಹೊತ್ತ ಮೋಡ. ಪಂಕ ಎಂದರೆ ಕೆಸರು, ಸರ ಎಂದರೆ ಕೊಳ. ಅಲ್ಲಿ ‘ಜ’ ಸೇರಿ ಪಂಕಜ, ಸರೋಜಗಳಾಗುತ್ತವೆಯೇ ಹೊರತು ಅವಕ್ಕೆ ‘ದ’ ಅಂಟಿಸಿ ಮೋಡ ಮಾಡಲಾಗದು.

ಅದೇ ‘ಜ’ ಪತ್ರಿಕೆಯ ಬೇರೆ ಪ್ರಶ್ನೆಗಳಲ್ಲೂ ಇಣುಕುತ್ತದೆ. ‘ಮೊದಲು ಹುಟ್ಟಿದವನು’ ಎಂಬುದಕ್ಕೆ ಒಂದೇ ಪದ ಕೇಳಿದರೆ ಅಗ್ರಜ, ಅದರ ವಿರುದ್ಧಪದ ಅನುಜ. ಮೊಟ್ಟೆಯಿಂದ ಹುಟ್ಟಿದ್ದು ಅಂಡಜ.

ವಿರುದ್ಧಪದಗಳಲ್ಲಿ ಹೆಚ್ಚು ಕಾಡುವುದು ಕೃತಜ್ಞ. ‘ಜ್ಞ’ ಬಲ್ಲವನು, ‘ಘ್ನ’ ಕೊಲ್ಲುವವನು, ಶತ್ರುಘ್ನನಲ್ಲಿರುವುದೂ ಅದೇ. ಮಾಡಿದ ಉಪಕಾರವನ್ನು ಬಲ್ಲವನು ಕೃತಜ್ಞ, ಅದನ್ನೇ ಕೊಂದವನು ಕೃತಘ್ನ. ಪಕ್ಕದಲ್ಲಿ ‘ಅಕೃತಜ್ಞ’ ಎಂಬ ಆಯ್ಕೆ ಇಟ್ಟರೆ, ಅಕಾರ ಸೇರಿಸಿದರೆ ವಿರುದ್ಧವಾಯಿತೆಂದು ಶಾಲೆಯಲ್ಲಿ ಕಲಿತವರು ಅಲ್ಲಿಗೇ ಗುರುತು ಹಾಕುತ್ತಾರೆ. ಅಕೃತಜ್ಞನಲ್ಲಿ ಕೃತಜ್ಞತೆ ಇಲ್ಲ, ಅಷ್ಟೇ. ಕೃತಘ್ನ ಎದುರು ತುದಿಯವನು. ಎರಡನ್ನೂ ಒಟ್ಟಿಗೆ ಕೊಡುವುದು ಪ್ರಶ್ನೆ ತೆಗೆಯುವವರ ಜಾಣತನವಲ್ಲ, ಅಜಾಗ್ರತೆ ಎಂದೇ ನನ್ನ ಅಭಿಪ್ರಾಯ. ತಾತ್ಕಾಲಿಕ ಕೀ ಉತ್ತರ ಬಂದ ಮೇಲೆ ಆಕ್ಷೇಪಣೆ ಸಲ್ಲಿಸುವವರಿಗೆ ನಿಘಂಟಿನ ಪುಟದ ಪ್ರತಿ ಲಗತ್ತಿಸಲು ಇಂಥ ಪ್ರಶ್ನೆಗಳೇ ಸಿಗುವುದು.